“ಜಸ್ಟ್ ಒಂದು ರಿಟ್ರೈ ಹಾಕಿ” ಎಂದು ಬರೆದಿದ್ದಕ್ಕೆ ಸಹೋದ್ಯೋಗಿ ನೊಂದುಕೊಂಡರು. ಹಾಗಾದರೆ ಏನೆಂದು ಬರೆಯಬೇಕಿತ್ತು?

ಕೆರೆದಂಡೆ
ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಹನ್ನೊಂದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಹಣ ಪಾವತಿಯ ವಿಭಾಗ ನಮ್ಮದು. ಕಳೆದ ತಿಂಗಳು ಪೋಲೆಂಡಿನ ಕಚೇರಿಯಿಂದ ಒಬ್ಬರು ನಮ್ಮ ತಂಡಕ್ಕೆ ಸೇರಿದರು. ಅವರು ಬರೆದ ಕೋಡನ್ನು ಪರಿಶೀಲಿಸುವಾಗ, ಎದುರಿನ ವ್ಯವಸ್ಥೆಗೆ ಕಳಿಸುವ ಕರೆ ನೆಟ್‌ವರ್ಕ್ ಕಡಿದು ವಿಫಲವಾದರೆ ಕೋಡ್ ತಾನೇ ಅದನ್ನು ಮತ್ತೆ ಕಳಿಸಬೇಕು ಎಂದು ಹೇಳಲು, ನಾನು ಇಂಗ್ಲಿಷಿನಲ್ಲಿ ಹೀಗೊಂದು ಟಿಪ್ಪಣಿ ಹಾಕಿದೆ: “ಆಕ್ಚುಲಿ ದಿಸ್ ವಿಲ್ ಫೇಲ್ ಇಫ್ ದ ನೆಟ್‌ವರ್ಕ್ ಡ್ರಾಪ್ಸ್. ಆಬ್ವಿಯಸ್ಲಿ ವಿ ನೀಡ್ ಎ ರಿಟ್ರೈ ಹಿಯರ್. ಜಸ್ಟ್ ರ‍್ಯಾಪ್ ದ ಕಾಲ್.”

ಒಂದು ವಾರದ ನಂತರ ಮ್ಯಾನೇಜರ್ ನನ್ನನ್ನು ಕರೆದು, ಆ ಟಿಪ್ಪಣಿಯಿಂದ ಅವರಿಗೆ ತುಂಬಾ ನೋವಾಗಿದೆ, ಶಾಲೆಯ ಹುಡುಗಿಗೆ ಪಾಠ ಹೇಳಿದಂತಿತ್ತು ಎಂದಿದ್ದಾರೆ ಎಂದು ತಿಳಿಸಿದರು. ನನಗೆ ನಿಜಕ್ಕೂ ದಿಗ್ಭ್ರಮೆಯಾಯಿತು. ಬರೆಯುವಾಗ ನಾನು ಮೃದುವಾಗಿಯೇ ಬರೆಯುತ್ತಿದ್ದೇನೆ ಎಂದುಕೊಂಡಿದ್ದೆ. “ಜಸ್ಟ್” ಹಾಕಿದ್ದೇ ಮಾತು ಗಡುಸಾಗದಿರಲಿ ಎಂದು. “ಆಕ್ಚುಲಿ”, “ಆಬ್ವಿಯಸ್ಲಿ”, “ಜಸ್ಟ್” ಎಂಬ ಈ ಮೂರು ಪದಗಳ ಬದಲು ಏನು ಬರೆಯಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಿ.

ತುಂಗಾತೀರ
ಮೂರೂ ಪದಗಳನ್ನು ಅಳಿಸಿ ಓದಿ ನೋಡಿ, ಅರ್ಥದಲ್ಲಿ ಏನೂ ಕಡಿಮೆಯಾಗುವುದಿಲ್ಲ. ಬದಲಿ ಪದವೇ ಬೇಕಾಗಿಲ್ಲ.

ಹಳೇ ಮೈಸೂರು ರಸ್ತೆ
ಇದೆಲ್ಲ ಅತಿಯಾಯಿತು ಎಂಬುದು ನನ್ನ ಅಭಿಪ್ರಾಯ. ಇಪ್ಪತ್ತೆರಡು ಜನರ ತಂಡವನ್ನು ನಡೆಸುತ್ತಿದ್ದೇನೆ. ದಿನಕ್ಕೆ ನೂರಾರು ಸಂದೇಶ ಬರೆಯುವವನು ಪ್ರತಿ ಪದವನ್ನೂ ತಕ್ಕಡಿಯಲ್ಲಿ ತೂಗುತ್ತಾ ಕೂತರೆ ಕೆಲಸ ಯಾವಾಗ ಮಾಡುವುದು? ಟಿಪ್ಪಣಿಯ ವಿಷಯ ಸರಿಯಾಗಿತ್ತು, ರಿಟ್ರೈ ಬೇಕಾಗಿಯೇ ಇತ್ತು. ವಿಷಯಕ್ಕೆ ಉತ್ತರ ಕೊಡುವುದನ್ನು ಬಿಟ್ಟು ಪದ ಹಿಡಿದು ಬೇಸರ ಮಾಡಿಕೊಂಡರೆ ತಪ್ಪು ಬರೆದವರದಲ್ಲ.

ಅಕ್ಷರದ ಕೆಲಸ
ನಾನು ಒಂಬತ್ತು ವರ್ಷಗಳಿಂದ ತಾಂತ್ರಿಕ ಬರಹಗಾರ್ತಿ. ಸಾಫ್ಟ್‌ವೇರ್ ಬಳಸುವವರಿಗಾಗಿ ಕೈಪಿಡಿಗಳನ್ನು ಬರೆಯುವುದೇ ನನ್ನ ಕೆಲಸ. ಈ ಪದಗಳ ಗೊಡವೆ ನಮ್ಮ ವೃತ್ತಿಯಲ್ಲಿ ಹೊಸದಲ್ಲ. ಗೂಗಲ್ ತನ್ನ ಡೆವಲಪರ್ ದಾಖಲೆಗಳಿಗಾಗಿ ಪ್ರಕಟಿಸಿರುವ ಶೈಲಿ ಕೈಪಿಡಿಯಲ್ಲೂ “ಜಸ್ಟ್”, “ಸಿಂಪ್ಲಿ”, “ಈಸಿ” ಮುಂತಾದವನ್ನು ಬಳಸಬೇಡಿ ಎಂಬ ಸೂಚನೆ ಇದೆ. ಕಾರಣ ಬಹಳ ಸರಳ. ಕೈಪಿಡಿಯನ್ನು ತೆರೆಯುವವನು ಎಲ್ಲೋ ಸಿಕ್ಕಿಹಾಕಿಕೊಂಡೇ ತೆರೆದಿರುತ್ತಾನೆ. ಅವನಿಗೆ “ಸುಮ್ಮನೆ ಈ ಕಮಾಂಡ್ ಕೊಟ್ಟರಾಯಿತು” ಎಂದು ಹೇಳಿ, ಆ ಕಮಾಂಡ್ ಕೆಲಸ ಮಾಡದಿದ್ದರೆ, ಅವನ ಮನಸ್ಸಿನಲ್ಲಿ ಏಳುವ ಮೊದಲ ಪ್ರಶ್ನೆ “ಇಷ್ಟು ಸುಲಭದ್ದು ನನ್ನಿಂದ ಆಗಲಿಲ್ಲವೇ” ಎಂಬುದು.

ಹಳೇ ಮೈಸೂರು ರಸ್ತೆ ಅವರೇ, ನೀವು ಬರೆದವರ ಉದ್ದೇಶವನ್ನು ನೋಡುತ್ತಿದ್ದೀರಿ. ಓದುವವರ ಕಣ್ಣಿಗೆ ಉದ್ದೇಶ ಕಾಣುವುದಿಲ್ಲ, ಅಕ್ಷರ ಮಾತ್ರ ಕಾಣುತ್ತದೆ. ಎದುರಿಗೆ ಕೂತು “ಆಬ್ವಿಯಸ್ಲಿ” ಎಂದರೆ ಮುಖದಲ್ಲಿ ನಗು ಇರುತ್ತದೆ, ದನಿಯಲ್ಲಿ ಸಲುಗೆ ಇರುತ್ತದೆ. ಅದೇ ಪದ ಪರದೆಯ ಮೇಲೆ ಬಂದಾಗ “ಇದು ಎಲ್ಲರಿಗೂ ಗೊತ್ತಿರುವುದು, ನಿಮಗೆ ಮಾತ್ರ ಹೊಳೆಯಲಿಲ್ಲ” ಎಂದಷ್ಟೇ ಹೇಳುತ್ತದೆ.

ತುಂಗಾತೀರ ಅವರ ಮಾತಿಗೆ ಒಂದು ತಿದ್ದುಪಡಿ. ಅಳಿಸಿದರೆ ಸಾಕು ಎಂಬುದು ಕೈಪಿಡಿಯ ಮಟ್ಟಿಗೆ ನಿಜ, ಸಂದೇಶಕ್ಕೆ ಅರ್ಧ ಮಾತ್ರ ನಿಜ. ಕೆರೆದಂಡೆ ಅವರ ಕೊನೆಯ ವಾಕ್ಯದಿಂದ “ಜಸ್ಟ್” ತೆಗೆದರೆ “ರ‍್ಯಾಪ್ ದ ಕಾಲ್” ಎಂಬ ಬರಿಯ ಆಜ್ಞೆ ಉಳಿಯುತ್ತದೆ. ಮೊದಲು ಕಿರಿಕಿರಿಯಾಗಿದ್ದುದು ಈಗ ಗದರಿಕೆಯಾಗುತ್ತದೆ.

ನಾಗರಬಾವಿ ನಿವಾಸಿ
ನನ್ನ ಅನುಭವ ಇದಕ್ಕೆ ಪೂರ್ತಿ ಉಲ್ಟಾ. ಮೂರು ವರ್ಷಗಳ ಹಿಂದೆ ವಾರ್ಷಿಕ ಮೌಲ್ಯಮಾಪನದಲ್ಲಿ, ನಾನು “ಐ ಜಸ್ಟ್ ವಾಂಟೆಡ್ ಟು ಚೆಕ್” ಎಂದು ಬರೆಯುವುದರಿಂದ ಆತ್ಮವಿಶ್ವಾಸವಿಲ್ಲದವಳಂತೆ ಕಾಣುತ್ತೇನೆ, ಆ ಪದವನ್ನು ಬಿಡಬೇಕು ಎಂದು ಬರೆದುಕೊಟ್ಟರು. 2015ರ ಕೊನೆಯಲ್ಲಿ ಜಿಮೇಲ್‌ಗೆಂದು “ಜಸ್ಟ್ ನಾಟ್ ಸಾರಿ” ಎಂಬ ಒಂದು ಉಪಕರಣವೂ ಬಂದಿತ್ತು. ನಾವು “ಜಸ್ಟ್” ಅಥವಾ “ಸಾರಿ” ಎಂದು ಟೈಪಿಸಿದರೆ ಅದು ಕೆಳಗೆ ಗೆರೆ ಎಳೆಯುತ್ತಿತ್ತು. ನಾನು ಅದನ್ನು ಹಾಕಿಕೊಂಡು ಆರು ತಿಂಗಳು ಶ್ರದ್ಧೆಯಿಂದ ಪಾಲಿಸಿದೆ. ಮುಂದಿನ ವರ್ಷದ ಮೌಲ್ಯಮಾಪನದಲ್ಲಿ, ನನ್ನ ಸಂದೇಶಗಳು ಖಾರವಾಗಿವೆ ಎಂಬ ಟೀಕೆ ಬಂತು.

ಈಗ ಇಲ್ಲಿ “ಜಸ್ಟ್” ಎಂದರೆ ದರ್ಪ ಎನ್ನುತ್ತಿದ್ದೀರಿ. ಹಾಗಾದರೆ ಈ ಪದ ನಮ್ಮನ್ನು ತಗ್ಗಿಸುತ್ತದೆಯೋ, ಎದುರಿನವರನ್ನು ತಗ್ಗಿಸುತ್ತದೆಯೋ? ಎರಡೂ ಹೇಗಾದೀತು?

ಅಕ್ಷರದ ಕೆಲಸ
ನಾಗರಬಾವಿ ನಿವಾಸಿ ಮೇಡಂ, ಎರಡೂ ಆಗುತ್ತದೆ. ಆ ಪದ ಯಾರ ಕೆಲಸದ ಪಕ್ಕದಲ್ಲಿ ಕೂತಿದೆ ಎಂಬುದನ್ನು ನೋಡಿ. “ನಾನು ಜಸ್ಟ್ ಕೇಳೋಣ ಎಂದುಕೊಂಡೆ” ಎಂದಾಗ ಸಣ್ಣದಾಗುವುದು ಕೇಳುವ ನನ್ನ ಕೆಲಸ. “ನೀವು ಜಸ್ಟ್ ಇದನ್ನು ಸೇರಿಸಿ” ಎಂದಾಗ ಸಣ್ಣದಾಗುವುದು ಮಾಡುವ ನಿಮ್ಮ ಕೆಲಸ. ಮೊದಲನೆಯದು ಸಂಕೋಚ, ಅದರಿಂದ ಯಾರಿಗೂ ನೋವಿಲ್ಲ. ನಿಮ್ಮ ಮೌಲ್ಯಮಾಪನ ಮಾಡಿದವರು ಅದನ್ನು ಬಿಡಿಸಿದ್ದು ನನಗೆ ಸರಿ ಕಾಣುವುದಿಲ್ಲ. ಎರಡನೆಯದೇ ನಾವು ಈಗ ಮಾತಾಡುತ್ತಿರುವುದು. ಆ ಉಪಕರಣ ಈ ವ್ಯತ್ಯಾಸವನ್ನು ನೋಡದೆ ಎಲ್ಲ “ಜಸ್ಟ್”ಗಳಿಗೂ ಗೆರೆ ಎಳೆಯಿತು.

ಶಿವಮೊಗ್ಗದ ಕೌಂಟರ್
ನಾನು ಬ್ಯಾಂಕಿನವಳು, ಸಾಫ್ಟ್‌ವೇರ್ ಗೊತ್ತಿಲ್ಲ, ಆದರೂ ಈ ಮಾತು ನನ್ನ ಎದೆಗೆ ನಾಟಿತು. ನಮ್ಮ ಕೌಂಟರಿನಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಮಾತು, “ಸುಮ್ಮನೆ ಒಂದು ಸೀಲ್ ಹಾಕಿ ಕೊಡಿ ಮೇಡಂ, ಅಷ್ಟೇ ಅಲ್ವಾ” ಎಂಬುದು. ಸೀಲ್ ಒತ್ತಲು ಎರಡು ಸೆಕೆಂಡ್ ಸಾಕು, ನಿಜ. ಆದರೆ ಅದರ ಪಕ್ಕದಲ್ಲಿ ನನ್ನ ಸಹಿ ಬೀಳಬೇಕು. ಸಹಿ ಹಾಕಬೇಕಾದರೆ ಮೂಲ ದಾಖಲೆ ನೋಡಬೇಕು, ಖಾತೆಯಲ್ಲಿರುವ ವಿಳಾಸಕ್ಕೂ ಆಧಾರ್ ಕಾರ್ಡಿನ ವಿಳಾಸಕ್ಕೂ ತಾಳೆ ಹಾಕಬೇಕು, ನಾಳೆ ತಪಾಸಣೆಗೆ ಬಂದವರು ಕೇಳಿದರೆ ಉತ್ತರ ಕೊಡಬೇಕಾದವಳು ನಾನು. “ಅಷ್ಟೇ ಅಲ್ವಾ” ಎನ್ನುವವರಿಗೆ ಇದು ಯಾವುದೂ ಕಾಣುವುದಿಲ್ಲ. “ಇದಕ್ಕೆ ಸೀಲ್ ಬೇಕಾಗಿದೆ, ಏನೇನು ತರಬೇಕು” ಎಂದು ಕೇಳುವವರು ಬಂದಾಗ ಆ ದಿನವೇ ಬೇರೆಯಾಗಿರುತ್ತದೆ.

ತುಂಗಾತೀರ
ಮೇಡಂ, ಎಷ್ಟು ಸರಿಯಾಗಿ ಹೇಳಿದಿರಿ! ನಮ್ಮ “ಸುಮ್ಮನೆ ಒಂದು” ಇಂಗ್ಲಿಷಿನ “ಜಸ್ಟ್”ಗೆ ಸ್ವಂತ ಅಕ್ಕ.

ಪದವೆಣಿಕೆ
ಕನ್ನಡ ಉಪನ್ಯಾಸಕನಾಗಿ ಇಲ್ಲಿ ಒಂದು ಮಾತು ಸೇರಿಸಬೇಕೆನಿಸುತ್ತಿದೆ. ಕೆರೆದಂಡೆ ಅವರು ಮೃದುವಾಗಲೆಂದೇ ಆ ಪದ ಹಾಕಿದೆ ಎಂದಿದ್ದಾರೆ, ಅದನ್ನು ನಾನು ಸಂಪೂರ್ಣವಾಗಿ ನಂಬುತ್ತೇನೆ. ನಮ್ಮಲ್ಲಿ “ಇದನ್ನು ನೋಡಿ” ಎನ್ನುವುದಕ್ಕಿಂತ “ಇದನ್ನು ಸ್ವಲ್ಪ ನೋಡಿ” ಎನ್ನುವುದು ವಿನಯ. “ಸ್ವಲ್ಪ ಬಾಗಿಲು ಹಾಕಿ” ಎಂದರೆ ಬಾಗಿಲನ್ನು ಅರ್ಧ ಹಾಕಿ ಎಂದು ಯಾವ ಕನ್ನಡಿಗನೂ ತಿಳಿಯುವುದಿಲ್ಲ. ಇಲ್ಲಿ “ಸ್ವಲ್ಪ” ಎನ್ನುವುದು ಕೆಲಸದ ಅಳತೆಯಲ್ಲ, ನಾವು ಕೊಡುತ್ತಿರುವ ತೊಂದರೆಗೆ ಕ್ಷಮೆ. “ಒಂದು ಸಹಿ ಹಾಕಿ” ಎಂಬಲ್ಲಿಯ “ಒಂದು” ಕೂಡ ಎಷ್ಟೋ ಸಲ ಹಾಗೆಯೇ. ಇಂಗ್ಲಿಷಿಗೆ ಹೋದಾಗ ನಾವು ಆ “ಸ್ವಲ್ಪ”ದ ಜಾಗಕ್ಕೆ “ಜಸ್ಟ್” ತಂದು ಕೂರಿಸುತ್ತೇವೆ. ನಮ್ಮ ಕಿವಿಗೆ ಅದು ಕ್ಷಮೆಯಾಗಿಯೇ ಕೇಳುತ್ತದೆ, ಎದುರಿನವರ ಕಿವಿಗೆ ಅಳತೆಯಾಗಿ ಕೇಳುತ್ತದೆ.

“ಆಕ್ಚುಲಿ”ಯದೂ ಇದೇ ಕಥೆ. ನಮ್ಮವರು “ಆಕ್ಚುಲಿ ಸರ್…” ಎಂದು ಶುರು ಮಾಡುವುದು ಹಿಂಜರಿಕೆಯಿಂದ. “ಅದೇನಾಯಿತೆಂದರೆ” ಎಂದು ಗಂಟಲು ಸರಿಮಾಡಿಕೊಳ್ಳುವ ರೀತಿ ಅದು. ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳವರಿಗೆ ವಾಕ್ಯದ ಮೊದಲಿಗೆ ಬಂದ “ಆಕ್ಚುಲಿ” ಬಹುಮಟ್ಟಿಗೆ “ನೀವು ತಿಳಿದಿರುವುದು ತಪ್ಪು, ನಿಜ ಹೀಗಿದೆ” ಎಂದು ಕೇಳಿಸುತ್ತದೆ.

ಹಳೇ ಮೈಸೂರು ರಸ್ತೆ
ಪೋಲೆಂಡಿನವರ ಮನೆಮಾತೂ ಇಂಗ್ಲಿಷ್ ಅಲ್ಲವಲ್ಲ, ಪದವೆಣಿಕೆ ಸರ್? ಇಬ್ಬರಿಗೂ ಅದು ಕಲಿತ ಭಾಷೆ. ಹಾಗಿರುವಾಗ ಯಾರ ಕಿವಿಯನ್ನು ಸರಿಯೆಂದು ಹಿಡಿಯುವುದು?

ಪದವೆಣಿಕೆ
ನಿಮ್ಮ ಪ್ರಶ್ನೆ ನ್ಯಾಯವಾದುದು, ನನ್ನ ಬಳಿ ಪೂರ್ಣ ಉತ್ತರವಿಲ್ಲ. ಆದರೆ ಇಬ್ಬರಿಗೂ ಕಲಿತ ಭಾಷೆಯಾದಾಗ ಅಪಾಯ ಹೆಚ್ಚೇ ಹೊರತು ಕಡಿಮೆಯಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಮನೆಮಾತಿನ ರಾಗವನ್ನು ಅದಕ್ಕೆ ಹಾಕಿ ಓದುತ್ತಾರೆ.

ರೈನ್ ದಡದ ಕನ್ನಡಿಗ
ಜರ್ಮನಿಯಲ್ಲಿ ಏಳು ವರ್ಷಗಳಿಂದ ಇದ್ದೇನೆ. ಜರ್ಮನ್ ಭಾಷೆಯಲ್ಲಿ “ಮಾಲ್” ಎಂಬ ಪುಟ್ಟ ಪದವಿದೆ. “ಶೌ ಮಾಲ್” ಎಂದರೆ ನಮ್ಮ “ಸ್ವಲ್ಪ ನೋಡು” ಎನ್ನುವುದಕ್ಕೆ ತೀರಾ ಹತ್ತಿರ. ಮೃದು ಮಾಡುವ ಪದ. “ದಾಸ್ ಇಸ್ಟ್ ಡೊಖ್ ಕ್ಲಾರ್” ಎಂಬಲ್ಲಿ ಬರುವ “ಡೊಖ್” ಮಾತ್ರ ನಮ್ಮ “ಗೊತ್ತೇ ಇದೆಯಲ್ಲ” ಎನ್ನುವ ಹಾಗೆ, ಸ್ವಲ್ಪ ಚುಚ್ಚುತ್ತದೆ. ನನ್ನ ಜರ್ಮನ್ ಸಹೋದ್ಯೋಗಿಗಳು ಇಂಗ್ಲಿಷಿನಲ್ಲಿ ಬರೆಯುವಾಗ ಇವೆರಡನ್ನೂ ಹೇಗೆ ತರುವುದೆಂದು ತಿಳಿಯದೆ ಕೈಬಿಡುತ್ತಾರೆ. ಆಗ ಅವರ ಸಂದೇಶ ನಮಗೆ ಒರಟಾಗಿ ಕಾಣುತ್ತದೆ. ಮೊದಲ ಎರಡು ವರ್ಷ ನಾನು ಅವರೆಲ್ಲ ನನ್ನ ಮೇಲೆ ಸಿಟ್ಟಾಗಿದ್ದಾರೆ ಎಂದೇ ತಿಳಿದಿದ್ದೆ.

ಕಡತ ವಿಲೇವಾರಿ
ಒಳ್ಳೆಯ ವಿಷಯ ಎತ್ತಿದ್ದೀರಿ. ಸರ್ಕಾರಿ ಪತ್ರಗಳಲ್ಲಿ ಬಳಸುವ ಕನ್ನಡ ಜನರಿಗೆ ಅರ್ಥವಾಗುವುದಿಲ್ಲ, “ಕ್ರಮ ಕೈಗೊಳ್ಳತಕ್ಕದ್ದು” ಎಂಬಂತಹ ಪ್ರಯೋಗಗಳನ್ನು ಬಿಟ್ಟು ಸರಳವಾಗಿ ಬರೆಯಬೇಕು ಎಂದು ನಾನು ಬಹಳ ಕಾಲದಿಂದ ಹೇಳುತ್ತಿದ್ದೇನೆ.

ನಾಗರಬಾವಿ ನಿವಾಸಿ
ಸರ್, ಇಲ್ಲಿಯ ಪ್ರಶ್ನೆ ಕಷ್ಟದ ಪದಗಳದ್ದಲ್ಲ, ಓದುವವರನ್ನು ಚಿಕ್ಕವರನ್ನಾಗಿ ಮಾಡುವ ಪದಗಳದ್ದು.

ಕಡತ ವಿಲೇವಾರಿ
ಹೌದು, ನಾನು ಬೇರೆಯಾಗಿ ತಿಳಿದೆ, ಕ್ಷಮಿಸಿ. ಆದರೆ ಅದಕ್ಕೂ ನಮ್ಮಲ್ಲಿ ಉದಾಹರಣೆ ಇದೆ. “ಈಗಾಗಲೇ ತಿಳಿಸಿರುವಂತೆ” ಎಂದು ಪತ್ರ ಶುರುವಾದರೆ ಕೆಳಗಿನ ಕಚೇರಿಯವರಿಗೆ ಅದು ಛೀಮಾರಿಯಂತೆಯೇ ಕೇಳುತ್ತದೆ. ಹಿಂದಿನ ಪತ್ರದ ಸಂಖ್ಯೆಯನ್ನೂ ದಿನಾಂಕವನ್ನೂ ಉಲ್ಲೇಖದಲ್ಲಿ ಕೊಟ್ಟು ನೇರವಾಗಿ ವಿಷಯಕ್ಕೆ ಬಂದರೆ ಅದೇ ಕೆಲಸ ಆಗುತ್ತದೆ, ಯಾರಿಗೂ ಮುಖಭಂಗವಾಗುವುದಿಲ್ಲ.

ಲೆಕ್ಕ ತಾಳೆ
ನಾನೂ ಪಾವತಿ ವ್ಯವಸ್ಥೆಗಳಲ್ಲೇ ಕೆಲಸ ಮಾಡುವವನು, ಹದಿನಾರು ವರ್ಷವಾಯಿತು. ಎಲ್ಲರೂ ಪದದ ಧಾಟಿಯ ಬಗ್ಗೆಯೇ ಮಾತಾಡುತ್ತಿದ್ದೀರಿ, ನನಗೆ ಬೇರೊಂದು ಅನುಮಾನ ಬಂದಿದೆ. ಕೆರೆದಂಡೆ ಅವರೇ, ನೀವು ರಿಟ್ರೈ ಹಾಕಲು ಹೇಳಿದ ಆ ಕರೆ, ಹಣ ಕಡಿತ ಮಾಡುವ ಕರೆಯೇ? ಆ ಕೆಲಸ ಮುಗಿಸಲು ಅವರಿಗೆ ಎಷ್ಟು ದಿನ ಹಿಡಿಯಿತು?

ಕೆರೆದಂಡೆ
ಹೌದು ಸರ್, ಗ್ರಾಹಕರ ಖಾತೆಯಿಂದ ಹಣ ತೆಗೆಯುವ ಕರೆಯೇ. ಮೂರು ದಿನ ಹಿಡಿಯಿತು. ನಾನು ಅರ್ಧ ಗಂಟೆಯ ಕೆಲಸ ಎಂದುಕೊಂಡಿದ್ದೆ.

ಲೆಕ್ಕ ತಾಳೆ
ಹಾಗಾದರೆ ನಿಮ್ಮ “ಜಸ್ಟ್” ಒರಟಾಗಿದ್ದಷ್ಟೇ ಅಲ್ಲ, ತಪ್ಪೂ ಆಗಿತ್ತು. ನೆಟ್‌ವರ್ಕ್ ಕಡಿದುಹೋಗುವುದು ಎರಡು ರೀತಿ. ನಮ್ಮ ಕೋರಿಕೆ ಬ್ಯಾಂಕಿಗೆ ತಲುಪುವ ಮೊದಲೇ ಕಡಿದರೆ ಮತ್ತೆ ಕಳಿಸುವುದರಲ್ಲಿ ತೊಂದರೆಯಿಲ್ಲ. ಆದರೆ ಬ್ಯಾಂಕ್ ಹಣ ಕಡಿತ ಮಾಡಿ, ಅದರ ಉತ್ತರ ನಮಗೆ ಬರುವ ದಾರಿಯಲ್ಲಿ ಕಡಿದರೆ, ನಮ್ಮ ಕಡೆಯಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ: ಉತ್ತರ ಬರಲಿಲ್ಲ, ಸಮಯ ಮೀರಿತು. ಆ ಎರಡನೆಯ ಸಂದರ್ಭದಲ್ಲಿ ಸುಮ್ಮನೆ ಮತ್ತೆ ಕಳಿಸಿದರೆ ಗ್ರಾಹಕರ ಹಣ ಎರಡು ಸಲ ಹೋಗುತ್ತದೆ.

ಇದನ್ನು ತಪ್ಪಿಸಲು ಪ್ರತಿ ಪಾವತಿಗೂ ಒಂದು ವಿಶಿಷ್ಟ ಸಂಖ್ಯೆಯನ್ನು ಕೋರಿಕೆಯ ಜೊತೆಗೇ ಕಳಿಸಬೇಕು. ಅದೇ ಸಂಖ್ಯೆ ಮತ್ತೆ ಬಂದರೆ ಎದುರಿನ ವ್ಯವಸ್ಥೆ ಹೊಸದಾಗಿ ಹಣ ಕಡಿಯದೆ ಹಳೆಯ ಉತ್ತರವನ್ನೇ ವಾಪಸ್ ಕೊಡಬೇಕು. ನಮ್ಮಲ್ಲಿ ಅದನ್ನು ಐಡೆಂಪೊಟೆನ್ಸಿ ಕೀ ಎನ್ನುತ್ತಾರೆ. ಆ ಸಂಖ್ಯೆಯನ್ನು ಮೊದಲ ಪ್ರಯತ್ನಕ್ಕೂ ಮುಂಚೆ ಡೇಟಾಬೇಸಿನಲ್ಲಿ ಬರೆದಿಡಬೇಕು, ಎದುರಿನ ಬ್ಯಾಂಕ್ ಅದನ್ನು ಎಷ್ಟು ಹೊತ್ತು ನೆನಪಿಟ್ಟುಕೊಳ್ಳುತ್ತದೆ ಎಂದು ವಿಚಾರಿಸಬೇಕು, ಪರೀಕ್ಷೆ ಬರೆಯಬೇಕು. ಮೂರು ದಿನಕ್ಕೆ ಮುಗಿಸಿದ್ದಾರೆ ಎಂದರೆ ಅವರು ಚುರುಕಾದ ಎಂಜಿನಿಯರ್. ಅವರಿಗೆ ಈ ಅಪಾಯ ಗೊತ್ತಿದ್ದೇ ರಿಟ್ರೈ ಹಾಕದೆ ಬಿಟ್ಟಿರಲೂಬಹುದು. ಅಂಥವರಿಗೆ “ಆಬ್ವಿಯಸ್ಲಿ, ಜಸ್ಟ್” ಎಂದರೆ ಹೇಗಾಗಿರಬೇಡ?

ನಾನಾಗಿದ್ದರೆ ಆ ಟಿಪ್ಪಣಿಯನ್ನು ಹೀಗೆ ಬರೆಯುತ್ತಿದ್ದೆ, ಕನ್ನಡದಲ್ಲಿ ಕೊಡುತ್ತೇನೆ, ಇಂಗ್ಲಿಷಿಗೆ ನೀವು ತಂದುಕೊಳ್ಳಬಹುದು: “ಬ್ಯಾಂಕ್ ಹಣ ಕಡಿತ ಮಾಡಿದ ಮೇಲೆ ಉತ್ತರ ಬರುವ ಮೊದಲು ನೆಟ್‌ವರ್ಕ್ ಕಡಿದರೆ, ಈ ಕರೆ ವಿಫಲವಾಯಿತೆಂದು ನಾವು ತಿಳಿಯುತ್ತೇವೆ. ಇಲ್ಲಿ ರಿಟ್ರೈ ಬೇಕೆಂದು ನನಗೆ ಅನಿಸುತ್ತದೆ. ಎರಡನೆಯ ಸಲ ಕರೆದರೆ ಹಣ ಮತ್ತೆ ಕಡಿತವಾಗುತ್ತದೆಯೇ ಎಂದು ನಾನು ನೋಡಿಲ್ಲ, ನಿಮಗೆ ಗೊತ್ತೇ? ಕೆಲಸ ದೊಡ್ಡದಾದರೆ ಬೇರೆ ಟಿಕೆಟ್ ಮಾಡೋಣ.”

ನೋಡಿ, “ಆಕ್ಚುಲಿ” ಇದ್ದ ಜಾಗದಲ್ಲಿ ಯಾವ ಸಂದರ್ಭದಲ್ಲಿ ತಪ್ಪಾಗುತ್ತದೆ ಎಂಬ ವಿವರ ಬಂತು. “ಆಬ್ವಿಯಸ್ಲಿ” ಇದ್ದಲ್ಲಿ ಇದು ನನ್ನ ಅಭಿಪ್ರಾಯ ಎಂಬುದು ಬಂತು. “ಜಸ್ಟ್” ಇದ್ದಲ್ಲಿ ನಾನು ಪರಿಶೀಲಿಸದೆ ಬಿಟ್ಟದ್ದು ಏನು ಎಂಬುದು ಬಂತು. ಆ ಮೂರನ್ನೂ ಬರೆಯದೆ ತಪ್ಪಿಸಿಕೊಳ್ಳಲು ನಿಮ್ಮ ಮೂರು ಪದಗಳು ಅನುಕೂಲ ಮಾಡಿಕೊಟ್ಟಿದ್ದವು.

ಶಿವಮೊಗ್ಗದ ಕೌಂಟರ್
ಎರಡು ಸಲ ಹಣ ಕಡಿತವಾದ ಗ್ರಾಹಕರು ಮೊದಲು ಬರುವುದು ನಮ್ಮ ಕೌಂಟರಿಗೆ. ಆ ಸಂಖ್ಯೆಯನ್ನು ಹಾಕಿದ ಆ ತಾಯಿಗೆ ನನ್ನ ನಮಸ್ಕಾರ ತಿಳಿಸಿ.

ಹಳೇ ಮೈಸೂರು ರಸ್ತೆ
ಲೆಕ್ಕ ತಾಳೆ ಅವರ ಮಾತನ್ನು ಒಪ್ಪುತ್ತೇನೆ. ಸುಲಭವಲ್ಲದ್ದನ್ನು ಸುಲಭ ಎನ್ನುವುದು ತಪ್ಪು ಮಾಹಿತಿ. ಆದರೆ ಕೆಲಸ ನಿಜವಾಗಿಯೂ ಎರಡು ನಿಮಿಷದ್ದಾದರೆ? ಒಂದು ಅಲ್ಪವಿರಾಮ ಬಿಟ್ಟುಹೋಗಿದೆ ಎನ್ನಲು ನಾಲ್ಕು ವಾಕ್ಯದ ಟಿಪ್ಪಣಿ ಬರೆಯಲು ನನ್ನಿಂದ ಆಗುವುದಿಲ್ಲ.

ಲೆಕ್ಕ ತಾಳೆ
ಎರಡು ನಿಮಿಷದ್ದಾದರೆ “ಎರಡು ನಿಮಿಷದ ಬದಲಾವಣೆ ಎಂದು ನನ್ನ ಅಂದಾಜು” ಎಂದೇ ಬರೆಯಿರಿ. ಅಂದಾಜನ್ನು ಅವರು ತಿದ್ದಬಹುದು, “ಜಸ್ಟ್” ಅನ್ನು ತಿದ್ದಲಾಗುವುದಿಲ್ಲ. ಅಲ್ಪವಿರಾಮಕ್ಕಾದರೆ “42ನೇ ಸಾಲಿನಲ್ಲಿ ಅಲ್ಪವಿರಾಮ ಬಿಟ್ಟಿದೆ” ಎಂಬಷ್ಟೇ ಸಾಕು, ಅದರಲ್ಲಿ ನೋಯಿಸುವಂಥದ್ದೇನೂ ಇಲ್ಲ.

ರಾತ್ರಿ ಪಾಳಿ
ನಾನು ಬೆಂಬಲ ವಿಭಾಗದಲ್ಲಿದ್ದೇನೆ. ಗ್ರಾಹಕರಿಗೆ ಕಳಿಸುವ ಸಿದ್ಧ ಉತ್ತರಗಳ ಫೋಲ್ಡರಿನಲ್ಲಿ ಈ ಕಮಾಂಡ್ ಓಡಿಸಿ ನೋಡಿದೆ:

```
grep -rniwE "just|simply|obviously|actually|easy" replies/
```

ಎಪ್ಪತ್ತಕ್ಕೂ ಹೆಚ್ಚು ಸಾಲುಗಳು ಬಂದವು. ಎಲ್ಲವನ್ನೂ ಒಂದೇ ಏಟಿಗೆ ತೆಗೆದುಬಿಡೋಣ ಎಂದಿದ್ದೇನೆ.

ಅಕ್ಷರದ ಕೆಲಸ
ದಯವಿಟ್ಟು ಒಂದೇ ಏಟಿಗೆ ತೆಗೆಯಬೇಡಿ. “ನಿಮ್ಮ ಕಡತ ಜಸ್ಟ್ ನೌ ತಲುಪಿತು” ಎಂಬಲ್ಲಿ ಅದು ಸಮಯ ಹೇಳುತ್ತಿದೆ, ಅದನ್ನು ತೆಗೆದರೆ ಅರ್ಥವೇ ಹೋಗುತ್ತದೆ. “ಪರದೆಯಲ್ಲಿ ಹತ್ತು ಎಂದು ಕಾಣುತ್ತದೆ, ಆಕ್ಚುಲಿ ಉಳಿದಿರುವುದು ಎಂಟು” ಎಂಬಲ್ಲಿ ಎರಡು ಸಂಖ್ಯೆಗಳ ವ್ಯತ್ಯಾಸವನ್ನು ಅದೇ ತೋರಿಸುತ್ತಿದೆ. ಒಂದೊಂದೇ ಸಾಲನ್ನು ಓದಿ, “ನೀವು ಮಾಡಿ” ಎನ್ನುವ ಕ್ರಿಯಾಪದದ ಪಕ್ಕದಲ್ಲಿ ಇರುವುದನ್ನು ಮಾತ್ರ ತೆಗೆಯಿರಿ. ತೆಗೆದ ಜಾಗಕ್ಕೆ “ಬೇಸಿಕಲಿ”, “ಆಫ್ ಕೋರ್ಸ್” ಬಂದು ಕೂರದಂತೆ ನೋಡಿಕೊಳ್ಳಿ. ನಮ್ಮ ತಂಡದಲ್ಲಿ ಹಾಗೆಯೇ ಆಯಿತು. “ಸಿಂಪ್ಲಿ” ತೆಗೆಯಿರಿ ಎಂದ ತಿಂಗಳೊಳಗೆ ಎಲ್ಲ ಕಡೆ “ಆಲ್ ಯು ಹ್ಯಾವ್ ಟು ಡು” ಬಂದಿತ್ತು.

ರಾತ್ರಿ ಪಾಳಿ
“ಪ್ಲೀಸ್” ಸೇರಿಸಿದರೆ ಸರಿಹೋಗುವುದಿಲ್ಲವೇ?

ಅಕ್ಷರದ ಕೆಲಸ
“ಪ್ಲೀಸ್ ಜಸ್ಟ್ ರೀಸ್ಟಾರ್ಟ್” ಎಂಬುದನ್ನು ಗಟ್ಟಿಯಾಗಿ ಓದಿ ನೋಡಿ, ತಾಳ್ಮೆ ಮುಗಿದವರ ಮಾತಿನಂತಿದೆ. ಗೂಗಲ್ ಕೈಪಿಡಿ ಮಾಮೂಲಿ ಸೂಚನೆಗಳಲ್ಲಿ “ಪ್ಲೀಸ್” ಕೂಡ ಬೇಡ ಎನ್ನುತ್ತದೆ. ನಮ್ಮವರಿಗೆ ಇದು ಒಪ್ಪಿಗೆಯಾಗುವುದು ಕಷ್ಟ, ನನಗೂ ಪೂರ್ತಿ ಒಪ್ಪಿಗೆಯಿಲ್ಲ. ಒಬ್ಬರಿಗೆ ಬರೆಯುವ ಸಂದೇಶದಲ್ಲಿ ನಾನು ಅದನ್ನು ಉಳಿಸಿಕೊಳ್ಳುತ್ತೇನೆ.

ನಾಗರಬಾವಿ ನಿವಾಸಿ
ನನ್ನ ಸಂಶಯ ಇನ್ನೂ ಉಳಿದಿದೆ. ಲೆಕ್ಕ ತಾಳೆ ಅವರ ಟಿಪ್ಪಣಿಯಲ್ಲಿ “ನನಗೆ ಅನಿಸುತ್ತದೆ”, “ನಾನು ನೋಡಿಲ್ಲ” ಎಂದಿದೆ. ಹದಿನಾರು ವರ್ಷ ಅನುಭವವಿರುವ ಗಂಡಸು ಹಾಗೆ ಬರೆದರೆ ವಿನಯ ಎನ್ನುತ್ತಾರೆ. ನಾನು ಬರೆದರೆ ಮತ್ತೆ ಮೌಲ್ಯಮಾಪನದಲ್ಲಿ “ಖಚಿತತೆ ಇಲ್ಲ” ಎಂದು ಬರುತ್ತದೆ.

ಲೆಕ್ಕ ತಾಳೆ
ನೀವು ಹೇಳುವುದು ನಿಜ, ಅದನ್ನು ನಾನು ಯೋಚಿಸಿರಲಿಲ್ಲ. “ಅನಿಸುತ್ತದೆ” ಎಂಬುದನ್ನು ಬಿಟ್ಟರೂ ನಡೆಯುತ್ತದೆ. “ಇಲ್ಲಿ ರಿಟ್ರೈ ಬೇಕು, ಏಕೆಂದರೆ…” ಎಂದು ಕಾರಣ ಕೊಟ್ಟರೆ ಸಾಕು. ಆದರೆ “ನೋಡಿಲ್ಲ” ಎಂಬುದನ್ನು ಮಾತ್ರ ಬಿಡಬೇಡಿ ಎಂದು ಕೇಳಿಕೊಳ್ಳುತ್ತೇನೆ, ಹಣದ ವಿಷಯದಲ್ಲಿ ಅದು ಮುಚ್ಚಿಡುವಂಥದ್ದಲ್ಲ. ನಿಮ್ಮ ಮೌಲ್ಯಮಾಪನ ಮಾಡುವವರಿಗೆ ಏನು ಹೇಳಬೇಕೆಂದು ನನಗೆ ತಿಳಿಯದು.

ಕೆರೆದಂಡೆ
ಎಲ್ಲರಿಗೂ ಧನ್ಯವಾದ. ಇವತ್ತು ಬೆಳಿಗ್ಗೆ ಆ ಹಳೆಯ ಟಿಪ್ಪಣಿಯ ಕೆಳಗೇ ಹೀಗೆ ಬರೆದೆ: “ಇದು ಅರ್ಧ ಗಂಟೆಯ ಕೆಲಸ ಎಂದು ನಾನು ಪರಿಶೀಲಿಸದೆ ಬರೆದಿದ್ದೆ. ಎರಡು ಸಲ ಹಣ ಕಡಿತವಾಗುವ ಅಪಾಯವನ್ನು ನಾನು ನೋಡಿರಲಿಲ್ಲ, ನೀವು ನೋಡಿದ್ದೀರಿ.” ಮಧ್ಯಾಹ್ನ ಅವರಿಂದ ಉತ್ತರ ಬಂತು. ರಿಟ್ರೈ ಹಾಕದೆ ಬಿಟ್ಟದ್ದು ಆ ಕಾರಣಕ್ಕೇ, ಆದರೆ ಕೋಡಿನಲ್ಲಿ ಒಂದು ಸಾಲು ವಿವರಣೆ ಬರೆಯದೆ ಇದ್ದದ್ದು ತಮ್ಮ ತಪ್ಪು ಎಂದಿದ್ದಾರೆ. ಜೊತೆಗೆ ನನ್ನ ಇನ್ನೊಂದು ಕೋಡಿನ ಮೇಲೆ ಅವರದೊಂದು ಟಿಪ್ಪಣಿಯೂ ಬಂದಿದೆ. ಅದು “ಆಕ್ಚುಲಿ” ಎಂದೇ ಶುರುವಾಗಿದೆ. ಪದವೆಣಿಕೆ ಸರ್, ಪೋಲಿಷ್ ಭಾಷೆಯಲ್ಲಿ ಅದಕ್ಕೆ ಯಾವ ರಾಗವಿದೆ ಎಂಬುದು ಇಲ್ಲಿ ಯಾರಿಗಾದರೂ ತಿಳಿದಿದೆಯೇ?